ರೊಟೇಟರ್ ಕಫ್

ರೊಟೇಟರ್ ಕಫ್ ಎಂಬುದು ಭುಜದ ಕೀಲನ್ನು ಮುಂದಿನಿಂದ, ಮೇಲಿನಿಂದ ಮತ್ತು ಹಿಂದಿನಿಂದ ಸುತ್ತುವರಿದಿರುವ ನಾಲ್ಕು ಸ್ನಾಯುಗಳ ಹಾಗೂ ಅವುಗಳ ಸ್ನಾಯುರಜ್ಜುಗಳ ಸಮೂಹ. ಸುಪ್ರಾಸ್ಪೈನೇಟಸ್, ಇನ್ಫ್ರಾಸ್ಪೈನೇಟಸ್, ಟೆರಿಸ್ ಮೈನರ್ ಮತ್ತು ಸಬ್‌ಸ್ಕ್ಯಾಪುಲಾರಿಸ್ ಎಂಬವು ಆ ನಾಲ್ಕು ಸ್ನಾಯುಗಳು. ಅಂಗಿಯ ತೋಳಿನ ತುದಿಯ ಪಟ್ಟಿ ಮಣಿಕಟ್ಟನ್ನು ಸುತ್ತುವಂತೆ ಇವುಗಳ ರಜ್ಜುಗಳು ತೋಳಿನ ಮೂಳೆಯ ತಲೆಯನ್ನು ಸುತ್ತಿರುವುದರಿಂದ ಈ ಹೆಸರು ಬಂದಿದೆ. ತೋಳನ್ನು ಹೊರಕ್ಕೂ ಒಳಕ್ಕೂ ತಿರುಗಿಸುವುದು, ಪಕ್ಕಕ್ಕೆ ಎತ್ತಲು ನೆರವಾಗುವುದು ಮತ್ತು ಈ ಎಲ್ಲ ಚಲನೆಗಳಲ್ಲಿ ಮೂಳೆಯ ತಲೆಯನ್ನು ಅದರ ಗುಳಿಯ ನಡುವೆ ಹಿಡಿದಿಡುವುದು ಇವುಗಳ ಕೆಲಸ.

ಈ ರಜ್ಜುಗಳು ವಯಸ್ಸಿನೊಂದಿಗೆ ಸವೆಯುತ್ತವೆ. ಬಿದ್ದಾಗ ಅಥವಾ ಹಠಾತ್ತಾಗಿ ಎಳೆತಕ್ಕೆ ಸಿಕ್ಕಾಗ ಹರಿಯುವುದೂ ಉಂಟು. ಹರಿದಿರುವುದು ನಾಲ್ಕರಲ್ಲಿ ಯಾವುದು ಎಂಬುದನ್ನು ಕೈಯಿಂದಲೇ ಪರೀಕ್ಷಿಸಿ ಅಂದಾಜಿಸಲು ವೈದ್ಯರು ಹಲವು ಪರೀಕ್ಷೆಗಳನ್ನು ಬಳಸುತ್ತಾರೆ. ಪ್ರತಿಯೊಂದು ಪರೀಕ್ಷೆಯೂ ಒಂದು ಸ್ನಾಯುವಿನ ಎಳೆತದ ದಿಕ್ಕನ್ನು ಆಧರಿಸಿ ರೂಪುಗೊಂಡಿದೆ. ಆದುದರಿಂದ ಸ್ನಾಯು ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ ಎಂಬುದನ್ನು ಅರಿತರೆ ಪರೀಕ್ಷೆಯ ಅರ್ಥವೂ ಅದರ ಮಿತಿಯೂ ಸ್ಪಷ್ಟವಾಗುತ್ತವೆ.

## ಭುಜದ ಕೀಲಿನ ರಚನೆ

ಬೆನ್ನಿನ ಮೇಲ್ಭಾಗದ ಎರಡೂ ಬದಿಗಳಲ್ಲಿ ತ್ರಿಕೋನಾಕಾರದ ಚಪ್ಪಟೆ ಮೂಳೆಗಳಿವೆ. ಇವೇ ಹೆಗಲ ಹಲಗೆಗಳು. ವೈದ್ಯಶಾಸ್ತ್ರದಲ್ಲಿ ಇವನ್ನು ಸ್ಕ್ಯಾಪುಲಾ ಎನ್ನುತ್ತಾರೆ. ಹಲಗೆಯ ಹೊರ ಮೂಲೆಯಲ್ಲಿ ಗ್ಲೆನಾಯ್ಡ್ ಎಂಬ ಆಳವಿಲ್ಲದ ಗುಳಿಯಿದೆ. ತೋಳಿನ ಮೂಳೆಯಾದ ಹ್ಯೂಮರಸ್‌ನ ದುಂಡನೆಯ ತಲೆ ಈ ಗುಳಿಗೆ ಒರಗಿ ನಿಲ್ಲುತ್ತದೆ. ಸೊಂಟದ ಕೀಲಿನಲ್ಲಿ ತೊಡೆಮೂಳೆಯ ತಲೆ ಆಳವಾದ ಬಟ್ಟಲಿನೊಳಗೆ ಕುಳಿತಿದ್ದರೆ, ಭುಜದಲ್ಲಿ ಅದು ತಟ್ಟೆಗೆ ಒರಗಿಸಿದ ನಿಂಬೆಹಣ್ಣಿನಂತಿದೆ. ತೋಳು ಎಲ್ಲ ದಿಕ್ಕುಗಳಲ್ಲಿಯೂ ಸರಾಗವಾಗಿ ಆಡಲು ಇದೇ ಕಾರಣ. ಕೀಲು ಸುಲಭವಾಗಿ ಜಾರಲು ಕಾರಣವೂ ಇದೇ. ಮೂಳೆಯ ಆಕಾರ ಕೊಡದ ಭದ್ರತೆಯನ್ನು ಇಲ್ಲಿ ಸ್ನಾಯುಗಳು ಒದಗಿಸಬೇಕಾಗಿದೆ.

ಹೆಗಲ ಹಲಗೆಯ ಹಿಂಬದಿಯಲ್ಲಿ ಅಡ್ಡಲಾಗಿ ಒಂದು ಏಣು ಹಾದುಹೋಗುತ್ತದೆ. ಬೆನ್ನಿನ ಮೇಲೆ ಕೈಯಾಡಿಸಿದರೆ ಇದು ಬೆರಳಿಗೆ ಸಿಗುತ್ತದೆ. ಏಣು ಹೊರಕ್ಕೆ ಚಾಚಿಕೊಂಡು ಭುಜದ ನೆತ್ತಿಯಲ್ಲಿ ಸೂರಿನಂತೆ ಕೊನೆಗೊಳ್ಳುತ್ತದೆ. ಈ ಸೂರಿಗೆ ಅಕ್ರೋಮಿಯಾನ್ ಎಂದು ಹೆಸರು. ಹ್ಯೂಮರಸ್‌ನ ತಲೆಯ ಹೊರ ಅಂಚಿನಲ್ಲಿ ಒಂದು ದೊಡ್ಡ ಉಬ್ಬು, ಮುಂಭಾಗದಲ್ಲಿ ಒಂದು ಚಿಕ್ಕ ಉಬ್ಬು ಇವೆ. ರೊಟೇಟರ್ ಕಫ್‌ನ ಮೂರು ರಜ್ಜುಗಳು ದೊಡ್ಡ ಉಬ್ಬಿಗೂ ಒಂದು ರಜ್ಜು ಚಿಕ್ಕ ಉಬ್ಬಿಗೂ ಅಂಟಿಕೊಳ್ಳುತ್ತವೆ.

## ನಾಲ್ಕು ಸ್ನಾಯುಗಳು

### ಸುಪ್ರಾಸ್ಪೈನೇಟಸ್

ಹೆಸರೇ ಹೇಳುವಂತೆ ಇದು ಏಣಿನ ಮೇಲಿರುವ ಸ್ನಾಯು. ಹೆಗಲ ಹಲಗೆಯ ಏಣಿಗಿಂತ ಮೇಲಿನ ತಗ್ಗಿನಲ್ಲಿ ಹುಟ್ಟಿ, ಅಕ್ರೋಮಿಯಾನ್ ಎಂಬ ಸೂರಿನ ಅಡಿಯಲ್ಲಿ ನುಸುಳಿ, ದೊಡ್ಡ ಉಬ್ಬಿನ ಮೇಲ್ಭಾಗಕ್ಕೆ ಸೇರುತ್ತದೆ. ಮೂಳೆಯ ಸೂರು ಮತ್ತು ಮೂಳೆಯ ತಲೆ ಇವೆರಡರ ನಡುವಿನ ಇಕ್ಕಟ್ಟಾದ ಜಾಗದಲ್ಲಿ ಹಾದುಹೋಗುವ ಈ ರಜ್ಜು ನಾಲ್ಕರಲ್ಲಿ ಅತಿ ಹೆಚ್ಚಾಗಿ ಸವೆಯುವ ಮತ್ತು ಹರಿಯುವ ರಜ್ಜುವಾಗಿದೆ.

ತೋಳನ್ನು ಪಕ್ಕಕ್ಕೆ ಎತ್ತುವುದು ಇದರ ಮುಖ್ಯ ಚಲನೆ. ಮೊದಲ 15 ಡಿಗ್ರಿಗಳಷ್ಟು ಎತ್ತುವಿಕೆಯನ್ನು ಈ ಸ್ನಾಯುವೇ ಮಾಡುತ್ತದೆ, ಅನಂತರ ಭುಜದ ಹೊರಮೈಯ ಡೆಲ್ಟಾಯ್ಡ್ ಸ್ನಾಯು ಕೆಲಸವನ್ನು ವಹಿಸಿಕೊಳ್ಳುತ್ತದೆ ಎಂದು ಹಳೆಯ ಪಠ್ಯಪುಸ್ತಕಗಳು ಹೇಳುತ್ತಿದ್ದವು. ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ದಾಖಲಿಸಿದ ಅಧ್ಯಯನಗಳು ಬೇರೆ ಚಿತ್ರವನ್ನು ಕೊಡುತ್ತವೆ. ಎರಡೂ ಸ್ನಾಯುಗಳು ಆರಂಭದಿಂದ ಕೊನೆಯವರೆಗೆ ಜೊತೆಯಾಗಿಯೇ ದುಡಿಯುತ್ತವೆ. ಈ ತಿದ್ದುಪಡಿ ಪರೀಕ್ಷೆಗಳ ದೃಷ್ಟಿಯಿಂದ ಮುಖ್ಯವಾದುದು: ರೋಗಿ ತೋಳೆತ್ತಲು ಆರಂಭಿಸಬಲ್ಲರು ಎಂಬ ಮಾತ್ರಕ್ಕೆ ಈ ರಜ್ಜು ಸರಿಯಾಗಿದೆ ಎಂದು ತೀರ್ಮಾನಿಸುವಂತಿಲ್ಲ.

### ಇನ್ಫ್ರಾಸ್ಪೈನೇಟಸ್

ಇದು ಏಣಿನ ಕೆಳಗಿನ ಸ್ನಾಯು. ಏಣಿನ ಕೆಳಗಿನ ವಿಶಾಲವಾದ ತಗ್ಗಿನಿಂದ ಹೊರಟು, ಕೀಲಿನ ಹಿಂಬದಿಯನ್ನು ಬಳಸಿ, ದೊಡ್ಡ ಉಬ್ಬಿನ ನಡುಭಾಗಕ್ಕೆ ಸೇರುತ್ತದೆ. ಹಿಂದಿನಿಂದ ಎಳೆಯುವುದರಿಂದ ತೋಳನ್ನು ಹೊರಕ್ಕೆ ತಿರುಗಿಸುತ್ತದೆ. ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡು ಮುಂಗೈಯನ್ನು ಹೊರಕ್ಕೆ ತೆರೆಯುವಾಗ ಬೇಕಾಗುವ ಬಲದ ಬಹುಪಾಲು ಇದರದೇ.

ಸುಪ್ರಾಸ್ಪೈನೇಟಸ್ ಮತ್ತು ಇನ್ಫ್ರಾಸ್ಪೈನೇಟಸ್ ಎರಡಕ್ಕೂ ನರ ಒಂದೇ. ಸುಪ್ರಾಸ್ಕ್ಯಾಪುಲರ್ ಎಂಬ ಈ ನರವು ಹೆಗಲ ಹಲಗೆಯ ಮೇಲಂಚಿನ ಒಂದು ಕಚ್ಚಿನ ಮೂಲಕ ಒಳಬಂದು, ಮೊದಲು ಸುಪ್ರಾಸ್ಪೈನೇಟಸ್‌ಗೆ ಕವಲು ಕೊಟ್ಟು, ಬಳಿಕ ಏಣಿನ ಹೊರಬದಿಯನ್ನು ಬಳಸಿ ಇನ್ಫ್ರಾಸ್ಪೈನೇಟಸ್ ತಲುಪುತ್ತದೆ. ಮೊದಲ ಕಚ್ಚಿನಲ್ಲಿ ನರ ಅದುಮಿಹೋದರೆ ಎರಡೂ ಸ್ನಾಯುಗಳು ದುರ್ಬಲಗೊಳ್ಳುತ್ತವೆ. ಏಣಿನ ತಿರುವಿನಲ್ಲಿ ಅದುಮಿಹೋದರೆ ಇನ್ಫ್ರಾಸ್ಪೈನೇಟಸ್ ಒಂದೇ ಸೊರಗುತ್ತದೆ. ರಜ್ಜು ಹರಿಯದಿದ್ದರೂ ಹರಿದಂತೆ ತೋರುವ ಸಂದರ್ಭಗಳಲ್ಲಿ ಇದೊಂದು.

### ಟೆರಿಸ್ ಮೈನರ್

ಇದು ಹೆಗಲ ಹಲಗೆಯ ಹೊರ ಅಂಚಿನಿಂದ ಹೊರಟು ದೊಡ್ಡ ಉಬ್ಬಿನ ಕೆಳಭಾಗಕ್ಕೆ ಸೇರುವ ಸಣ್ಣ, ದುಂಡನೆಯ ಸ್ನಾಯು. ಇದೂ ತೋಳನ್ನು ಹೊರಕ್ಕೆ ತಿರುಗಿಸುತ್ತದೆ. ತೋಳು ಮೇಲೆತ್ತಿದ ಸ್ಥಿತಿಯಲ್ಲಿರುವಾಗ ಇದರ ಪಾತ್ರ ಹೆಚ್ಚು. ಇನ್ಫ್ರಾಸ್ಪೈನೇಟಸ್‌ನ ನೆರೆಯಲ್ಲಿಯೇ ಇದ್ದರೂ ಇದರ ನರ ಬೇರೆ: ಡೆಲ್ಟಾಯ್ಡ್ ಸ್ನಾಯುವಿಗೂ ಹೋಗುವ ಆಕ್ಸಿಲರಿ ನರ. ಆದಕಾರಣ ಭುಜ ಜಾರಿ ಆಕ್ಸಿಲರಿ ನರಕ್ಕೆ ಪೆಟ್ಟಾದವರಲ್ಲಿ ಡೆಲ್ಟಾಯ್ಡ್ ಮತ್ತು ಟೆರಿಸ್ ಮೈನರ್ ಜೊತೆಯಾಗಿ ದುರ್ಬಲಗೊಳ್ಳಬಹುದು.

### ಸಬ್‌ಸ್ಕ್ಯಾಪುಲಾರಿಸ್

ನಾಲ್ಕರಲ್ಲಿ ಅತಿ ದೊಡ್ಡದೂ ಬಲಿಷ್ಠವೂ ಆದ ಇದು ಹೆಗಲ ಹಲಗೆಯ ಒಳಮೈಯಲ್ಲಿ, ಅಂದರೆ ಹಲಗೆಗೂ ಪಕ್ಕೆಲುಬುಗಳಿಗೂ ನಡುವೆ ಅಡಗಿದೆ. ಕೀಲಿನ ಮುಂಬದಿಯನ್ನು ದಾಟಿ ಚಿಕ್ಕ ಉಬ್ಬಿಗೆ ಸೇರುತ್ತದೆ. ಮುಂದಿನಿಂದ ಎಳೆಯುವ ರಜ್ಜು ಇದೊಂದೇ ಆದುದರಿಂದ ತೋಳನ್ನು ಒಳಕ್ಕೆ ತಿರುಗಿಸುತ್ತದೆ. ಬೆನ್ನ ಹಿಂದೆ ಕಟ್ಟಿದ ಕೈಯನ್ನು ಬೆನ್ನಿನಿಂದ ದೂರ ಸರಿಸಲು, ಅಂಗೈಯಿಂದ ಹೊಟ್ಟೆಯನ್ನು ಒತ್ತಲು ಈ ಸ್ನಾಯು ಬೇಕು. ಮೇಲಿನ ಮತ್ತು ಕೆಳಗಿನ ಸಬ್‌ಸ್ಕ್ಯಾಪುಲರ್ ನರಗಳು ಇದನ್ನು ನಿಯಂತ್ರಿಸುತ್ತವೆ.

ಒಳತಿರುವಿಗೆ ಎದೆಯ ದೊಡ್ಡ ಸ್ನಾಯುವೂ ಬೆನ್ನಿನ ಅಗಲವಾದ ಸ್ನಾಯುವೂ ನೆರವಾಗುತ್ತವೆ. ಆದುದರಿಂದ ಸಬ್‌ಸ್ಕ್ಯಾಪುಲಾರಿಸ್ ಹರಿದರೂ ಸಾಮಾನ್ಯ ಒಳತಿರುವಿನ ಬಲ ಬಹುಮಟ್ಟಿಗೆ ಉಳಿಯಬಹುದು. ಇದಕ್ಕೆ ವಿಶೇಷ ಪರೀಕ್ಷೆಗಳು ಅಗತ್ಯವಾದುದು ಈ ಕಾರಣದಿಂದಲೇ.

## ಒಟ್ಟು ಕಾರ್ಯ

ತೋಳನ್ನು ಎತ್ತಲು ದೊಡ್ಡ ಬಲ ಕೊಡುವುದು ಡೆಲ್ಟಾಯ್ಡ್. ಆದರೆ ತೋಳು ಇಳಿಬಿದ್ದಿರುವಾಗ ಈ ಸ್ನಾಯುವಿನ ಎಳೆತ ಬಹುಪಾಲು ನೇರ ಮೇಲ್ಮುಖವಾಗಿರುತ್ತದೆ. ಅದೊಂದೇ ಎಳೆದರೆ ಮೂಳೆಯ ತಲೆ ಗುಳಿಯಲ್ಲಿ ಉರುಳುವ ಬದಲು ಮೇಲಕ್ಕೆ ಜಾರಿ ಅಕ್ರೋಮಿಯಾನ್‌ಗೆ ತಾಗುತ್ತದೆ. ಇದನ್ನು ತಡೆಯುವುದು ರೊಟೇಟರ್ ಕಫ್. ಸುಪ್ರಾಸ್ಪೈನೇಟಸ್ ಮೂಳೆಯ ತಲೆಯನ್ನು ಗುಳಿಗೆ ಅದುಮುತ್ತದೆ. ಮುಂದಿನ ಸಬ್‌ಸ್ಕ್ಯಾಪುಲಾರಿಸ್ ಹಾಗೂ ಹಿಂದಿನ ಇನ್ಫ್ರಾಸ್ಪೈನೇಟಸ್ ಮತ್ತು ಟೆರಿಸ್ ಮೈನರ್ ಅದನ್ನು ಗುಳಿಗೆ ಒತ್ತುವುದರ ಜೊತೆಗೆ ಕೊಂಚ ಕೆಳಕ್ಕೂ ಸೆಳೆಯುತ್ತವೆ. ನಾಟುವ ಕಂಬವನ್ನು ಮುಂದೆ ಹಿಂದೆ ಹಗ್ಗ ಕಟ್ಟಿ ಸಮವಾಗಿ ಎಳೆದು ನಿಲ್ಲಿಸುವಂತೆ, ಮುಂದಿನ ಮತ್ತು ಹಿಂದಿನ ಎಳೆತಗಳು ಸಮತೂಗಿದಾಗ ಮೂಳೆಯ ತಲೆ ನಡುವಿನಲ್ಲಿ ನಿಲ್ಲುತ್ತದೆ.

ಈ ಸಮತೋಲನವೇ ಒಂದು ಗೊಂದಲವನ್ನೂ ಬಿಡಿಸುತ್ತದೆ. ಸುಪ್ರಾಸ್ಪೈನೇಟಸ್‌ನಲ್ಲಿ ಸಣ್ಣ ಹರಿತವಿರುವ ಎಷ್ಟೋ ಜನ ತೋಳನ್ನು ಪೂರ್ತಿ ಎತ್ತಬಲ್ಲರು, ಏಕೆಂದರೆ ಮುಂದಿನ ಮತ್ತು ಹಿಂದಿನ ರಜ್ಜುಗಳು ಉಳಿದಿವೆ. ಹರಿತವು ಹಿಂದಕ್ಕೆ ಇನ್ಫ್ರಾಸ್ಪೈನೇಟಸ್‌ನೊಳಗೋ ಮುಂದಕ್ಕೆ ಸಬ್‌ಸ್ಕ್ಯಾಪುಲಾರಿಸ್‌ನೊಳಗೋ ಹಬ್ಬಿದಾಗ ಸಮತೋಲನ ಕೆಡುತ್ತದೆ. ಆಗ ತೋಳೆತ್ತಲು ಹೊರಟವರ ಹೆಗಲು ಮಾತ್ರ ಕಿವಿಯತ್ತ ಏರಿ ತೋಳು ಅಲ್ಲಿಯೇ ಉಳಿಯುತ್ತದೆ.

## ಪರೀಕ್ಷೆಗೆ ಮುನ್ನ

ರಜ್ಜುಗಳ ಪರೀಕ್ಷೆಗೆ ತೊಡಗುವ ಮೊದಲು ಎರಡು ಸಂಗತಿಗಳನ್ನು ಗಮನಿಸುವುದು ರೂಢಿ. ಮೊದಲನೆಯದು ನೋಟ. ರೋಗಿಯ ಬೆನ್ನಿನ ಕಡೆ ನಿಂತು ಎರಡೂ ಹೆಗಲ ಹಲಗೆಗಳನ್ನು ಹೋಲಿಸಿದಾಗ ಒಂದು ಬದಿಯಲ್ಲಿ ಏಣು ಎದ್ದುಕಂಡು, ಅದರ ಮೇಲೆ ಅಥವಾ ಕೆಳಗೆ ಹಳ್ಳ ಬಿದ್ದಿದ್ದರೆ ಅಲ್ಲಿನ ಸ್ನಾಯು ಸೊರಗಿದೆ ಎಂದರ್ಥ. ಸ್ನಾಯು ಹೀಗೆ ಕರಗಲು ವಾರಗಳು, ತಿಂಗಳುಗಳು ಬೇಕು. ಆದ್ದರಿಂದ ನಿನ್ನೆ ಮೊನ್ನೆ ಬಿದ್ದವರಲ್ಲಿ ಹಳ್ಳ ಕಂಡರೆ ತೊಂದರೆ ಹಳೆಯದು ಎಂದು ಶಂಕಿಸಬೇಕಾಗುತ್ತದೆ.

ಎರಡನೆಯದು ಚಲನೆಯ ಹೋಲಿಕೆ. ರೋಗಿ ತಾನಾಗಿ ತೋಳನ್ನು ಎಷ್ಟು ಆಡಿಸಬಲ್ಲರು ಎಂದು ನೋಡಿ, ಅನಂತರ ಪರೀಕ್ಷಕರು ಅದೇ ತೋಳನ್ನು ಹಿಡಿದು ಎಷ್ಟು ಆಡಿಸಲು ಸಾಧ್ಯ ಎಂದು ನೋಡುತ್ತಾರೆ. ಪರೀಕ್ಷಕರು ಎತ್ತಿದರೂ ತೋಳು ಏಳದಿದ್ದರೆ, ಅದರಲ್ಲಿಯೂ ಹೊರತಿರುವು ಕುಗ್ಗಿದ್ದರೆ, ಕೀಲಿನ ಚೀಲವೇ ಬಿಗಿದುಕೊಂಡ ಸ್ಥಿತಿ, ಅಂದರೆ ಫ್ರೋಜನ್ ಶೋಲ್ಡರ್ ಇರಬಹುದು. ಮಧುಮೇಹ ಉಳ್ಳವರಲ್ಲಿ ಇದು ಹೆಚ್ಚು. ಪರೀಕ್ಷಕರು ಎತ್ತಿದಾಗ ತೋಳು ಸರಾಗವಾಗಿ ಎದ್ದು, ರೋಗಿ ಎತ್ತಲು ಹೋದಾಗ ಏಳದಿದ್ದರೆ ತೊಂದರೆ ಸ್ನಾಯು, ರಜ್ಜು ಅಥವಾ ನರದಲ್ಲಿದೆ. ಈ ಹಂತವನ್ನು ಬಿಟ್ಟು ಮುಂದುವರಿದರೆ ಕೀಲಿನ ಬಿಗಿತವನ್ನೇ ರಜ್ಜುವಿನ ದೌರ್ಬಲ್ಯವೆಂದು ತಪ್ಪಾಗಿ ಓದುವ ಅಪಾಯವಿದೆ.

## ಪ್ರತಿ ರಜ್ಜುವಿನ ಪರೀಕ್ಷೆಗಳು

### ಸುಪ್ರಾಸ್ಪೈನೇಟಸ್: ಜೋಬ್ ಪರೀಕ್ಷೆ ಮತ್ತು ತೋಳು ಬೀಳುವ ಪರೀಕ್ಷೆ

ಅಮೆರಿಕದ ಮೂಳೆ ಶಸ್ತ್ರವೈದ್ಯ ಫ್ರ್ಯಾಂಕ್ ಜೋಬ್ ಅವರ ಹೆಸರಿನ ಪರೀಕ್ಷೆ 1982ರಲ್ಲಿ ಪ್ರಕಟವಾಯಿತು. ರೋಗಿ ತೋಳನ್ನು ಪಕ್ಕಕ್ಕೆ ಭುಜದ ಎತ್ತರಕ್ಕೆ, ಅಂದರೆ 90 ಡಿಗ್ರಿಗೆ ಎತ್ತಿ, ಅಲ್ಲಿಂದ ಸುಮಾರು 30 ಡಿಗ್ರಿಗಳಷ್ಟು ಮುಂದಕ್ಕೆ ತಂದು, ಹೆಬ್ಬೆರಳು ನೆಲದತ್ತ ಇರುವಂತೆ ಕೈಯನ್ನು ತಿರುಗಿಸುತ್ತಾರೆ. ಡಬ್ಬಿಯನ್ನು ಬೋರಲು ಹಾಕಿ ಬರಿದುಮಾಡುವ ಭಂಗಿಯಂತೆ ಕಾಣುವುದರಿಂದ ಇದಕ್ಕೆ ಖಾಲಿ ಡಬ್ಬಿ ಪರೀಕ್ಷೆ ಎಂಬ ಹೆಸರೂ ಇದೆ. ಪರೀಕ್ಷಕರು ಮಣಿಕಟ್ಟಿನ ಬಳಿ ಕೆಳಕ್ಕೆ ಒತ್ತುತ್ತಾರೆ; ರೋಗಿ ತಡೆದು ನಿಲ್ಲಬೇಕು. ತಡೆಯಲಾಗದೆ ತೋಳು ಕುಸಿದರೆ ಸುಪ್ರಾಸ್ಪೈನೇಟಸ್ ಬಗ್ಗೆ ಶಂಕೆ ಮೂಡುತ್ತದೆ.

ಹೆಬ್ಬೆರಳನ್ನು ಕೆಳಗೆ ಮಾಡಿದಾಗ ಸವೆದ ರಜ್ಜು ಸೂರಿಗೆ ತಾಗಿ ನೋಯುತ್ತದೆ. ನೋವಿನಿಂದಲೇ ರೋಗಿ ಕೈಬಿಡಬಹುದು. ಇದನ್ನು ತಪ್ಪಿಸಲು ಹೆಬ್ಬೆರಳನ್ನು ಮೇಲಕ್ಕೆ ಮಾಡಿ ಅದೇ ಪರೀಕ್ಷೆಯನ್ನು ಪುನರಾವರ್ತಿಸುವುದುಂಟು. ಇದು ತುಂಬಿದ ಡಬ್ಬಿ ಪರೀಕ್ಷೆ. ಎರಡೂ ಭಂಗಿಗಳಲ್ಲಿ ಡೆಲ್ಟಾಯ್ಡ್ ಕೂಡ ದುಡಿಯುವುದರಿಂದ ಸುಪ್ರಾಸ್ಪೈನೇಟಸ್ ಅನ್ನು ಸಂಪೂರ್ಣವಾಗಿ ಪ್ರತ್ಯೇಕಿಸಿದಂತೆ ಆಗುವುದಿಲ್ಲ.

ತೋಳು ಬೀಳುವ ಪರೀಕ್ಷೆ ಇನ್ನೂ ಸರಳ. ಪರೀಕ್ಷಕರು ರೋಗಿಯ ತೋಳನ್ನು ಪಕ್ಕಕ್ಕೆ ಎತ್ತಿ ಹಿಡಿದು, ಆಸರೆಯನ್ನು ತೆಗೆದು, ನಿಧಾನವಾಗಿ ಇಳಿಸುವಂತೆ ಹೇಳುತ್ತಾರೆ. ರಜ್ಜು ದೊಡ್ಡದಾಗಿ ಹರಿದಿದ್ದರೆ ತೋಳು ನಿಯಂತ್ರಣ ತಪ್ಪಿ ದಪ್ಪನೆ ಬೀಳುತ್ತದೆ. ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಅಮೋರಿ ಕಾಡ್ಮನ್ ಅವರೊಂದಿಗೆ ಈ ಪರೀಕ್ಷೆಯ ಹೆಸರು ಸೇರಿಕೊಂಡಿದೆ. ಸುಪ್ರಾಸ್ಪೈನೇಟಸ್ ಹರಿತದ ಶಸ್ತ್ರಚಿಕಿತ್ಸೆಯ ಬಗ್ಗೆ 1911ರಲ್ಲಿ ಬರೆದ ಅವರು 1934ರಲ್ಲಿ ಭುಜದ ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದರು.

### ಇನ್ಫ್ರಾಸ್ಪೈನೇಟಸ್: ಹೊರತಿರುವಿನ ಬಲ ಮತ್ತು ಹಿಂಜರಿತ ಚಿಹ್ನೆ

ರೋಗಿ ಮೊಣಕೈಯನ್ನು 90 ಡಿಗ್ರಿ ಮಡಚಿ ಪಕ್ಕೆಗೆ ತಾಗಿಸಿಕೊಂಡು ಮುಂಗೈಯನ್ನು ಹೊರಕ್ಕೆ ತಳ್ಳಬೇಕು. ಪರೀಕ್ಷಕರು ಒಳಕ್ಕೆ ಒತ್ತುತ್ತಾರೆ. ಎರಡೂ ಕೈಗಳನ್ನು ಒಟ್ಟಿಗೆ ಪರೀಕ್ಷಿಸಿದರೆ ಬಲದ ಅಂತರ ಸುಲಭವಾಗಿ ತಿಳಿಯುತ್ತದೆ. ಮೊಣಕೈ ಪಕ್ಕೆಯಿಂದ ದೂರ ಸರಿಯಲು ಬಿಟ್ಟರೆ ರೋಗಿ ಅರಿವಿಲ್ಲದೆಯೇ ಡೆಲ್ಟಾಯ್ಡ್ ಬಲವನ್ನು ಬಳಸಿಕೊಳ್ಳುತ್ತಾರೆ. ಆದ್ದರಿಂದ ಮೊಣಕೈಯ ಮೇಲೆ ಕಣ್ಣಿಡಬೇಕು.

ಬಲದ ಪರೀಕ್ಷೆಯಲ್ಲಿ ನೋವು ಅಡ್ಡ ಬರುತ್ತದೆ ಎಂಬ ದೋಷವನ್ನು ಕಡಿಮೆ ಮಾಡಲು ಹರ್ಟೆಲ್ ಮತ್ತು ಸಂಗಡಿಗರು 1996ರಲ್ಲಿ ಹಿಂಜರಿತ ಚಿಹ್ನೆಗಳನ್ನು ವಿವರಿಸಿದರು. ಇಲ್ಲಿ ರೋಗಿ ತಳ್ಳಬೇಕಾಗಿಲ್ಲ, ಇಟ್ಟ ಜಾಗದಲ್ಲಿ ಕೈಯನ್ನು ನಿಲ್ಲಿಸಿದರೆ ಸಾಕು. ಮೊಣಕೈ ಮಡಚಿ, ತೋಳನ್ನು ಸುಮಾರು 20 ಡಿಗ್ರಿ ಎತ್ತಿ, ಪರೀಕ್ಷಕರೇ ಮುಂಗೈಯನ್ನು ಹೊರಕ್ಕೆ ಗರಿಷ್ಠ ಮಟ್ಟಕ್ಕೆ ತಿರುಗಿಸಿ, ಅಲ್ಲಿಂದ 5 ಡಿಗ್ರಿ ಹಿಂದಕ್ಕೆ ತಂದು, ಮಣಿಕಟ್ಟನ್ನು ಬಿಡುತ್ತಾರೆ. ಮೊಣಕೈಯ ಆಸರೆ ಹಾಗೆಯೇ ಇರುತ್ತದೆ. ಸುಪ್ರಾಸ್ಪೈನೇಟಸ್ ಮತ್ತು ಇನ್ಫ್ರಾಸ್ಪೈನೇಟಸ್ ಎರಡೂ ಹರಿದಿದ್ದರೆ ಮುಂಗೈ ನಿಲ್ಲದೆ ಒಳಕ್ಕೆ ಹಿಂಜರಿಯುತ್ತದೆ. ಎಷ್ಟು ಡಿಗ್ರಿ ಹಿಂಜರಿಯಿತು ಎಂಬುದನ್ನು ಅಳೆದು ಬರೆದಿಡಬಹುದು.

### ಟೆರಿಸ್ ಮೈನರ್: ಕಹಳೆಗಾರನ ಚಿಹ್ನೆ

ತೋಳು ಭುಜದ ಮಟ್ಟಕ್ಕೆ ಎತ್ತಿದ ಸ್ಥಿತಿಯಲ್ಲಿ ಹೊರತಿರುವನ್ನು ಪರೀಕ್ಷಿಸಿದರೆ ಟೆರಿಸ್ ಮೈನರ್ ಮುನ್ನೆಲೆಗೆ ಬರುತ್ತದೆ. ಪರೀಕ್ಷಕರು ರೋಗಿಯ ತೋಳನ್ನು 90 ಡಿಗ್ರಿಗೆ ಎತ್ತಿ ಆಸರೆ ಕೊಟ್ಟು, ಮೊಣಕೈಯನ್ನು ಮಡಚಿಸಿ, ಮುಂಗೈಯನ್ನು ಮೇಲ್ಮುಖವಾಗಿ ಹೊರಕ್ಕೆ ತಿರುಗಿಸಲು ಹೇಳುತ್ತಾರೆ. ಟೆರಿಸ್ ಮೈನರ್ ಕೆಲಸ ಮಾಡದಿದ್ದರೆ ಮುಂಗೈ ಮೇಲೇಳುವುದಿಲ್ಲ. ಅಂತಹವರು ಕೈಯನ್ನು ಬಾಯಿಗೆ ತರಬೇಕಾದಾಗ ಮೊಣಕೈಯನ್ನು ಕೈಗಿಂತ ಎತ್ತರಕ್ಕೆ ಎತ್ತುತ್ತಾರೆ. ಈ ಭಂಗಿ ಕಹಳೆ ಊದುವವನನ್ನು ಹೋಲುವುದರಿಂದ ಈ ಹೆಸರು ಬಂದಿದೆ. ಫ್ರಾನ್ಸಿನ ಜಿಲ್ ವಾಲ್ಷ್ ಮತ್ತು ಸಂಗಡಿಗರು 1998ರಲ್ಲಿ ಈ ಚಿಹ್ನೆಯನ್ನು ಟೆರಿಸ್ ಮೈನರ್ ಸ್ನಾಯುವಿನ ಕ್ಷೀಣತೆಯೊಂದಿಗೆ ಹೋಲಿಸಿ ನೋಡಿದರು.

### ಸಬ್‌ಸ್ಕ್ಯಾಪುಲಾರಿಸ್: ಬೆನ್ನಿನಿಂದ ಕೈ ಎತ್ತುವುದು ಮತ್ತು ಹೊಟ್ಟೆ ಒತ್ತುವುದು

ಎದೆಯ ಸ್ನಾಯು ನೆರವಿಗೆ ಬಾರದಂತೆ ಮಾಡುವುದು ಈ ಪರೀಕ್ಷೆಗಳ ಒಳಮರ್ಮ. ಸ್ವಿಟ್ಜರ್ಲೆಂಡಿನ ಕ್ರಿಶ್ಚಿಯನ್ ಗರ್ಬರ್ ಮತ್ತು ಕ್ರುಶೆಲ್ 1991ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ರೋಗಿ ಕೈಯ ಹಿಂಬದಿಯನ್ನು ಸೊಂಟದ ಹಿಂದೆ ಇಟ್ಟು, ಅಲ್ಲಿಂದ ಕೈಯನ್ನು ಹಿಂದಕ್ಕೆ ಎತ್ತಬೇಕು. ತೋಳು ಆಗಲೇ ಬಹುಮಟ್ಟಿಗೆ ಒಳಕ್ಕೆ ತಿರುಗಿರುವುದರಿಂದ ಇನ್ನಷ್ಟು ತಿರುಗಿಸಲು ಸಬ್‌ಸ್ಕ್ಯಾಪುಲಾರಿಸ್ ಬೇಕೇ ಬೇಕು. ಎತ್ತಲಾಗದಿದ್ದರೆ ರಜ್ಜು ಹರಿದಿರಬಹುದು. ರೋಗಿ ಮೊಣಕೈಯನ್ನು ನೇರಮಾಡಿ ಕೈಯನ್ನು ದೂರ ತಳ್ಳಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ.

ನೋವು ಅಥವಾ ಬಿಗಿತದಿಂದ ಕೈಯನ್ನು ಬೆನ್ನ ಹಿಂದೆ ಒಯ್ಯಲಾಗದವರಿಗೆ ಹೊಟ್ಟೆ ಒತ್ತುವ ಪರೀಕ್ಷೆಯಿದೆ. ಅಂಗೈಯನ್ನು ಹೊಟ್ಟೆಯ ಮೇಲಿಟ್ಟು, ಮಣಿಕಟ್ಟು ನೇರವಾಗಿರುವಂತೆ ಮತ್ತು ಮೊಣಕೈ ದೇಹದ ಮುಂದಿರುವಂತೆ ಮಾಡಿ ಒಳಕ್ಕೆ ಒತ್ತಬೇಕು. ಸಬ್‌ಸ್ಕ್ಯಾಪುಲಾರಿಸ್ ದುರ್ಬಲವಾಗಿದ್ದರೆ ಮೊಣಕೈ ಹಿಂದಕ್ಕೆ ಸರಿದು, ಮಣಿಕಟ್ಟು ಬಾಗುತ್ತದೆ. ಒತ್ತುವ ಬಲ ಕಡಿಮೆಯಾಗದಿದ್ದರೂ ಭಂಗಿ ಕೆಡುವುದೇ ಇಲ್ಲಿ ಕುರುಹು. ಹೊಟ್ಟೆ ಒತ್ತುವಾಗ ಸ್ನಾಯುವಿನ ಮೇಲ್ಭಾಗವೂ ಬೆನ್ನಿನಿಂದ ಎತ್ತುವಾಗ ಕೆಳಭಾಗವೂ ಹೆಚ್ಚು ದುಡಿಯುತ್ತವೆ. ಹರಿತ ಸಾಮಾನ್ಯವಾಗಿ ಮೇಲಂಚಿನಿಂದ ಆರಂಭವಾಗುವುದರಿಂದ ಒಂದು ಪರೀಕ್ಷೆ ಸರಿಯಾಗಿ ಬಂದಿತೆಂದು ಇನ್ನೊಂದನ್ನು ಬಿಡುವುದು ಉಚಿತವಲ್ಲ.

## ಒಂದು ಉದಾಹರಣೆ

ಪರೀಕ್ಷೆಗಳನ್ನು ಒಟ್ಟಾಗಿ ಓದುವ ಬಗೆಯನ್ನು ಕಲ್ಪಿತ ಉದಾಹರಣೆಯೊಂದರಿಂದ ತಿಳಿಯಬಹುದು. 63 ವರ್ಷದ ವ್ಯಕ್ತಿಯೊಬ್ಬರು ಮೆಟ್ಟಿಲಿಳಿಯುವಾಗ ಜಾರಿ, ಬಲಗೈಯಿಂದ ಕಟಾಂಜನವನ್ನು ಹಿಡಿದು ನೇತಾಡಿದರು. ಆ ಕ್ಷಣದಲ್ಲಿ ಭುಜದಲ್ಲಿ ಏನೋ ಕಿತ್ತಂತಾಯಿತು. ಅಂದಿನಿಂದ ತಲೆ ಬಾಚಲು ಕೈ ಏಳುತ್ತಿಲ್ಲ. ರಾತ್ರಿ ಆ ಮಗ್ಗುಲಿಗೆ ಮಲಗಲಾಗುತ್ತಿಲ್ಲ. ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲ ಎಂದು ತಿಳಿದಾಗ ಉಳುಕು ಎಂದು ಭಾವಿಸಿ ಎಣ್ಣೆ ತಿಕ್ಕಿಸಿಕೊಂಡು ಎರಡು ವಾರ ಕಳೆದಿದ್ದಾರೆ.

ಪರೀಕ್ಷೆಯಲ್ಲಿ ಏಣಿನ ಮೇಲೆ ಕೆಳಗೆ ಹಳ್ಳ ಬಿದ್ದಿಲ್ಲ. ಅವರು ತಾವಾಗಿ ತೋಳನ್ನು 60 ಡಿಗ್ರಿಯವರೆಗೆ ಮಾತ್ರ ಎತ್ತಬಲ್ಲರು. ಪರೀಕ್ಷಕರು ನಿಧಾನವಾಗಿ ಎತ್ತಿದಾಗ 160 ಡಿಗ್ರಿಯವರೆಗೂ ಏಳುತ್ತದೆ. ಆದುದರಿಂದ ಕೀಲು ಬಿಗಿದಿಲ್ಲ. ಜೋಬ್ ಪರೀಕ್ಷೆಯ ಭಂಗಿಗೆ ತೋಳನ್ನು ಎತ್ತಿಟ್ಟು ಕೈಬಿಟ್ಟರೆ, ಹೆಬ್ಬೆರಳು ಮೇಲೆ ಇದ್ದಾಗಲೂ ನಿಲ್ಲದೆ ಕುಸಿಯುತ್ತದೆ. ಇದು ಸುಪ್ರಾಸ್ಪೈನೇಟಸ್ ಕಡೆಗೆ ಬೊಟ್ಟು ಮಾಡುತ್ತದೆ, ಆದರೆ ನೋವೂ ಇರುವುದರಿಂದ ಇದೊಂದೇ ಸಾಲದು.

ಮುಂದೆ ಹಿಂಜರಿತ ಚಿಹ್ನೆ. ಮುಂಗೈ ಹೊರಕ್ಕೆ 70 ಡಿಗ್ರಿಯವರೆಗೆ ತಿರುಗುತ್ತದೆ. 65ರಲ್ಲಿ ಇಟ್ಟು ಬಿಟ್ಟಾಗ ಅದು 45ಕ್ಕೆ ಮರಳಿ ನಿಲ್ಲುತ್ತದೆ. ಹಿಂಜರಿತ 20 ಡಿಗ್ರಿ. ಎಡಗೈಯಲ್ಲಿ ಹಿಂಜರಿತವಿಲ್ಲ. ಹೀಗಾಗಿ ಹರಿತ ಸುಪ್ರಾಸ್ಪೈನೇಟಸ್‌ನಲ್ಲಿ ನಿಲ್ಲದೆ ಹಿಂದಕ್ಕೆ ಇನ್ಫ್ರಾಸ್ಪೈನೇಟಸ್‌ವರೆಗೆ ಹಬ್ಬಿರುವ ಸಂಭವ ಹೆಚ್ಚು. ತೋಳಿಗೆ ಆಸರೆ ಕೊಟ್ಟು ಭುಜದ ಮಟ್ಟದಲ್ಲಿ ಪರೀಕ್ಷಿಸಿದಾಗ ಮುಂಗೈ ಮೇಲೇಳುತ್ತದೆ. ಟೆರಿಸ್ ಮೈನರ್ ಕೆಲಸ ಮಾಡುತ್ತಿದೆ. ಕೈಯನ್ನು ಬೆನ್ನ ಹಿಂದೆ ಒಯ್ಯಲು ನೋವಿರುವುದರಿಂದ ಹೊಟ್ಟೆ ಒತ್ತುವ ಪರೀಕ್ಷೆ ಮಾಡಲಾಗುತ್ತದೆ. ಮಣಿಕಟ್ಟು ಬಾಗುವುದಿಲ್ಲ, ಮೊಣಕೈ ಮುಂದೆಯೇ ನಿಲ್ಲುತ್ತದೆ. ಸಬ್‌ಸ್ಕ್ಯಾಪುಲಾರಿಸ್ ಉಳಿದಿದೆ ಎಂದು ತೋರುತ್ತದೆ.

ಇಷ್ಟಾದರೂ ನರದ ತೊಂದರೆಯನ್ನು ತಳ್ಳಿಹಾಕಬೇಕು, ಏಕೆಂದರೆ ದುರ್ಬಲಗೊಂಡ ಎರಡೂ ಸ್ನಾಯುಗಳು ಒಂದೇ ನರಕ್ಕೆ ಸೇರಿದವು. ಡೆಲ್ಟಾಯ್ಡ್ ಬಿಗಿಯುವುದು ಕೈಗೆ ಸಿಗುತ್ತದೆ ಮತ್ತು ಭುಜದ ಹೊರಮೈಯಲ್ಲಿ ಸ್ಪರ್ಶಜ್ಞಾನ ಸರಿಯಾಗಿದೆ. ಆಕ್ಸಿಲರಿ ನರ ಚೆನ್ನಾಗಿದೆ. ಸುಪ್ರಾಸ್ಕ್ಯಾಪುಲರ್ ನರದ ವಿಚಾರವನ್ನು ಕೈಪರೀಕ್ಷೆಯಿಂದ ನಿರ್ಧರಿಸಲಾಗದು. ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಚಿತ್ರದಲ್ಲಿ ರಜ್ಜುವಿನ ತುದಿ ಮೂಳೆಯಿಂದ ಬಿಡಿಸಿಕೊಂಡು ಹಿಂದೆ ಸರಿದಿರುವುದು ಕಂಡರೆ ಹರಿತ ಖಚಿತವಾಗುತ್ತದೆ. ರಜ್ಜು ಅಖಂಡವಾಗಿದ್ದರೆ ನರದ ಪರೀಕ್ಷೆಗೆ ಹೋಗಬೇಕಾಗುತ್ತದೆ.

ಇಲ್ಲಿ ಕಾಲ ಮುಖ್ಯವಾದುದು. ಮೂಳೆಯಿಂದ ಕಿತ್ತುಬಂದ ರಜ್ಜು ಸ್ನಾಯುವಿನ ಎಳೆತಕ್ಕೆ ಕ್ರಮೇಣ ಹಿಂದೆ ಸರಿಯುತ್ತದೆ. ಕೆಲಸವಿಲ್ಲದ ಸ್ನಾಯು ಸೊರಗಿ, ಅದರೊಳಗೆ ಕೊಬ್ಬು ಸೇರಿಕೊಳ್ಳುತ್ತದೆ. ಫ್ರಾನ್ಸಿನ ಗೂತಾಲಿಯೆ ಮತ್ತು ಸಂಗಡಿಗರು 1994ರಲ್ಲಿ ಈ ಕೊಬ್ಬಿನ ಪ್ರಮಾಣವನ್ನು 0ರಿಂದ 4ರವರೆಗಿನ ದರ್ಜೆಗಳಾಗಿ ವಿಂಗಡಿಸಿದರು. ಮೇಲಿನ ದರ್ಜೆಗಳನ್ನು ತಲುಪಿದ ಸ್ನಾಯುವಿನ ರಜ್ಜುವನ್ನು ಹೊಲಿದರೂ ಅದು ಹಿಂದಿನಂತಾಗುವುದಿಲ್ಲ. ಬಿದ್ದ ಬಳಿಕ ಹಠಾತ್ತಾಗಿ ತೋಳೆತ್ತಲಾಗದವರಲ್ಲಿ, ಎಕ್ಸ್‌ರೇ ಸರಿಯಾಗಿದ್ದರೂ, ಈ ಪರೀಕ್ಷೆಗಳನ್ನು ತಿಂಗಳುಗಟ್ಟಲೆ ಮುಂದೂಡಬಾರದು ಎನ್ನುವುದಕ್ಕೆ ಇದೇ ಕಾರಣ. ಎಕ್ಸ್‌ರೇ ಮೂಳೆಯನ್ನು ತೋರಿಸುತ್ತದೆಯೇ ಹೊರತು ರಜ್ಜುವನ್ನಲ್ಲ.

## ಪರೀಕ್ಷೆಗಳ ಮಿತಿ

ನಾಲ್ಕು ಸ್ನಾಯುಗಳನ್ನು ಬೇರೆ ಬೇರೆಯಾಗಿ ವಿವರಿಸುವುದು ಕಲಿಕೆಗೆ ಅನುಕೂಲ. ಆದರೆ ದೇಹದಲ್ಲಿ ಅವು ಅಷ್ಟು ಬೇರೆಯಾಗಿಲ್ಲ. ಕ್ಲಾರ್ಕ್ ಮತ್ತು ಹ್ಯಾರಿಮನ್ 1992ರಲ್ಲಿ ಪ್ರಕಟಿಸಿದ ಅಧ್ಯಯನವು ರಜ್ಜುಗಳು ಮೂಳೆಗೆ ಸೇರುವ ಮುನ್ನವೇ ಒಂದರೊಳಗೊಂದು ಹೆಣೆದುಕೊಂಡು, ಕೀಲಿನ ಚೀಲದೊಡನೆಯೂ ಬೆಸೆದುಕೊಳ್ಳುತ್ತವೆ ಎಂದು ತೋರಿಸಿತು. ಜಪಾನಿನ ಮೊಚಿಜುಕಿ ಮತ್ತು ಸಂಗಡಿಗರು 2008ರಲ್ಲಿ ಇನ್ನೊಂದು ಸಂಗತಿಯನ್ನು ತಿಳಿಸಿದರು. ದೊಡ್ಡ ಉಬ್ಬಿನ ಮೇಲೆ ಸುಪ್ರಾಸ್ಪೈನೇಟಸ್‌ಗೆ ಸೇರಿದ ಜಾಗ ಹಿಂದೆ ತಿಳಿದಿದ್ದುದಕ್ಕಿಂತ ಚಿಕ್ಕದು. ಇನ್ಫ್ರಾಸ್ಪೈನೇಟಸ್ ಮುಂದಕ್ಕೆ ಬಾಗಿ ಆ ಉಬ್ಬಿನ ಹೆಚ್ಚಿನ ಭಾಗವನ್ನು ಆವರಿಸಿದೆ. ಸುಪ್ರಾಸ್ಪೈನೇಟಸ್ ಹರಿತವೆಂದು ಕರೆಯಲಾಗುವ ಅನೇಕ ಹರಿತಗಳಲ್ಲಿ ಇನ್ಫ್ರಾಸ್ಪೈನೇಟಸ್ ಕೂಡ ಪಾಲುಗೊಂಡಿರುತ್ತದೆ ಎಂದು ಇದರಿಂದ ತಿಳಿಯುತ್ತದೆ. ಹೀಗಿರುವಾಗ ಒಂದು ಪರೀಕ್ಷೆ ಒಂದೇ ರಜ್ಜುವಿನ ಸುದ್ದಿಯನ್ನು ಹೇಳಬೇಕೆಂದು ನಿರೀಕ್ಷಿಸಲಾಗದು.

ಎರಡನೆಯ ಮಿತಿ ನೋವು. ನೋವಿರುವ ಸ್ನಾಯು ಅಖಂಡವಾಗಿದ್ದರೂ ಪೂರ್ಣ ಬಲ ತೋರುವುದಿಲ್ಲ. ಪರೀಕ್ಷೆಯಲ್ಲಿ ಬರಿಯ ನೋವು ಬಂದಿತೇ, ಬಲ ಕುಂದಿತೇ ಎಂಬುದನ್ನು ಬೇರೆ ಬೇರೆಯಾಗಿ ದಾಖಲಿಸಬೇಕು. ಹರಿತವನ್ನು ಹೆಚ್ಚು ಸೂಚಿಸುವುದು ಬಲದ ಕುಂದು. ಗೊಂದಲವಿದ್ದಾಗ ಅಕ್ರೋಮಿಯಾನ್ ಅಡಿಯ ಜಾಗಕ್ಕೆ ಅರಿವಳಿಕೆಯ ಚುಚ್ಚುಮದ್ದು ಕೊಟ್ಟು ಮತ್ತೆ ಪರೀಕ್ಷಿಸುವ ಪದ್ಧತಿಯಿದೆ. ನೋವು ಹೋದ ಮೇಲೆ ಬಲ ಮರಳಿದರೆ ದೊಡ್ಡ ಹರಿತದ ಸಂಭವ ಕಡಿಮೆ; ನೋವು ಹೋದರೂ ಬಲ ಬಾರದಿದ್ದರೆ ಹರಿತದ ಶಂಕೆ ಗಟ್ಟಿಯಾಗುತ್ತದೆ.

ಮೂರನೆಯದು ಕುತ್ತಿಗೆ. ಸುಪ್ರಾಸ್ಕ್ಯಾಪುಲರ್ ಮತ್ತು ಆಕ್ಸಿಲರಿ ನರಗಳೆರಡೂ ಮುಖ್ಯವಾಗಿ ಕುತ್ತಿಗೆಯ ಐದು ಮತ್ತು ಆರನೆಯ ನರಮೂಲಗಳಿಂದ ಬರುತ್ತವೆ. ಅಲ್ಲಿ ನರ ಅದುಮಿದ್ದರೆ ಭುಜದಲ್ಲಿ ದೌರ್ಬಲ್ಯ ಕಾಣಿಸಬಹುದು. ಮೊಣಕೈ ಮಡಚುವ ಬಲವೂ ಕುಂದಿದ್ದರೆ, ಕುತ್ತಿಗೆ ತಿರುಗಿಸಿದಾಗ ನೋವು ತೋಳಿನಗುಂಟ ಇಳಿದರೆ, ತೊಂದರೆಯ ಮೂಲ ಭುಜದಲ್ಲಿಲ್ಲದಿರಬಹುದು.

ಕೊನೆಯದಾಗಿ, ಹರಿತವಿದ್ದ ಮಾತ್ರಕ್ಕೆ ಅದೇ ನೋವಿನ ಕಾರಣವಾಗಬೇಕೆಂದಿಲ್ಲ. ವಯಸ್ಸಾದವರಲ್ಲಿ ಯಾವ ತೊಂದರೆಯನ್ನೂ ಕೊಡದ ಹರಿತಗಳು ಚಿತ್ರಣದಲ್ಲಿ ಸಾಮಾನ್ಯವಾಗಿ ಕಾಣಸಿಗುತ್ತವೆ. ಪೆಟ್ಟಿಲ್ಲದೆ ನಿಧಾನವಾಗಿ ಸವೆದು ಹರಿದ ಸಣ್ಣ ಹರಿತಗಳಿಗೆ ಮೊದಲು ವ್ಯಾಯಾಮ ಚಿಕಿತ್ಸೆಯನ್ನೇ ಪ್ರಯತ್ನಿಸುವುದು ರೂಢಿ. ಉಳಿದ ಸ್ನಾಯುಗಳು ಬಲಗೊಂಡು ಸಮತೋಲನ ಮರಳಿದರೆ ಅನೇಕರು ಶಸ್ತ್ರಚಿಕಿತ್ಸೆಯಿಲ್ಲದೆ ಸುಧಾರಿಸುತ್ತಾರೆ. ಆದ್ದರಿಂದ ಎಂಆರ್‌ಐ ವರದಿಯಲ್ಲಿ ಹರಿತ ಎಂಬ ಪದ ಕಂಡಾಗ ಅದನ್ನು ಕೈಪರೀಕ್ಷೆಯಲ್ಲಿ ಕಂಡ ದೌರ್ಬಲ್ಯದೊಡನೆ ಹೊಂದಿಸಿ ನೋಡಬೇಕು. ಹರಿದ ರಜ್ಜು ಮಾಡಬೇಕಾಗಿದ್ದ ಕೆಲಸವೇ ಭುಜದಲ್ಲಿ ನಿಂತುಹೋಗಿದ್ದರೆ ಮಾತ್ರ ಆ ಹರಿತವನ್ನು ತೊಂದರೆಗೆ ಹೊಣೆ ಮಾಡಬಹುದು.